ರಾತ್ರಿ ಎಂಟೂವರೆ ಮೇಲಿನ ಇಪ್ಪತ್ತು ನಿಮಿಷ

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಮೂರ್ನಾಕು ಮಂದಿ ಕೇಳ್ಯಾರ: "ಅಣ್ಣಾ, ನಾವೂ ಒಣದ್ರಾಕ್ಷಿ ಫೋಟೋ ಹಾಕ್ತೀವಿ, ಲೈಕ್ ಬರ್ತಾವ, ಗಿರಾಕಿ ಬರಂಗಿಲ್ಲ. ನಿನಗ ಹೆಂಗ ಬರ್ತಾರ?" ಅದಕ್ಕ ಇಷ್ಟು ಬರೀಲಿಕ್ಕೆ ಹತ್ತೀನಿ.

ಫೋಟೋ ನಾನು ಹಾಕೋದು ವಾರಕ್ಕ ಒಂದೇ. ದಿನಾ ಮಾಡೋ ಕೆಲಸ ಬೇರೆ. ರಾತ್ರಿ ಎಂಟೂವರೆಗೆ ಊಟ ಮುಗಿಸಿ ಮೊಬೈಲ್‌ನ್ಯಾಗ ಇಪ್ಪತ್ತು ನಿಮಿಷದ ಅಲಾರಾಂ ಇಡ್ತೀನಿ. ಮೊದಲು ನನ್ನ ಪೇಜಿನ ಕಾಮೆಂಟುಗಳಿಗೆ ಉತ್ತರ. ರೇಟ್ ಕೇಳಿದವರಿಗೆ ಅಲ್ಲೇ ರೇಟ್ ಬರೀತೀನಿ. "ಇನ್‌ಬಾಕ್ಸ್ ಮಾಡ್ರಿ" ಅಂದ್ರ ಬಹಳ ಮಂದಿ ಹೊಳ್ಳಿ ಬರಂಗಿಲ್ಲ. ಅಲ್ಲೇ ಬರೆದ್ರ ಕೇಳದ ಸುಮ್ಮನಿದ್ದವರಿಗೂ ತಿಳೀತದ. "ಯಾಕಿಷ್ಟು ತುಟ್ಟಿ?" ಅಂದವರಿಗೆ ನಾಕು ಕಿಲೋ ಹಸಿ ಹಣ್ಣು ಒಣಗಿದ್ರ ಹೆಚ್ಚುಕಮ್ಮಿ ಒಂದು ಕಿಲೋ ಆಗ್ತದ ಅನ್ನೋದನ್ನ ಬಿಡಿಸಿ ಹೇಳ್ತೀನಿ. ಕೊನಿಗೆ ಒಂದು ಪ್ರಶ್ನೆ ಕೇಳ್ತೀನಿ, "ಪಾಯಸಕ್ಕ ಬೇಕೋ, ಹಂಗ ತಿನ್ನಾಕೋ?" ಅವರು ಮತ್ತ ಬರೀತಾರ. ಜನ ಜನರ ನಡುವೆ ಮಾತುಕತೆ ಹುಟ್ಟಿಸೋ ಪೋಸ್ಟುಗಳನ್ನ ಮೇಲೆ ತೋರಿಸ್ತೀವಿ ಅಂತ ಫೇಸ್‌ಬುಕ್ 2018ರ ಜನವರಿಯಲ್ಲೇ ಹೇಳಿತ್ತು. ಬರೀ ಲೈಕಿಗಿಂತ ಈ ಹೋಗಿ-ಬರೋ ಮಾತಿನ ತೂಕ ಹೆಚ್ಚು.

ಉಳಿದ ಹನ್ನೆರಡು ನಿಮಿಷ ಬೇರೆಯವರ ಪೋಸ್ಟಿಗೆ. ನಮ್ಮವರು ರೈತರ ಗುಂಪಿನಾಗೇ ಕುಂತಿರ್ತಾರ. ಅಲ್ಲಿ ಚಾಟನಿ, ಔಷಧದ ವಿಚಾರ ಸಿಗ್ತದ, ಗಿರಾಕಿ ಸಿಗಂಗಿಲ್ಲ. ದ್ರಾಕ್ಷಿ ಬೆಳೆಯೋನು ಇನ್ನೊಬ್ಬನ ಒಣದ್ರಾಕ್ಷಿ ಯಾಕ ಕೊಳ್ತಾನ? ನಾನು ಅಡಿಗಿ ಗುಂಪುಗಳಿಗೆ ಹೋಗ್ತೀನಿ. ಹೋದ ಶ್ರಾವಣದಾಗ ಬೆಂಗಳೂರಿನ ಅಕ್ಕ ಒಬ್ಬರು ಒಣದ್ರಾಕ್ಷಿ ಮ್ಯಾಲ ಬಿಳಿ ಪುಡಿ ಬಂದ ಫೋಟೋ ಹಾಕಿ, ಬೂಜು ಹಿಡದದೇನು ಅಂತ ಕೇಳಿದ್ರು. ಎಲ್ಲಾರೂ "ಚೆಲ್ಲಿಬಿಡಿ" ಅಂದಿದ್ರು. ನಾನು ಬರೆದೆ: "ಅಕ್ಕಾರ, ನಾಕು ಕಾಳು ಬೆಚ್ಚಗಿನ ನೀರಾಗ ಹಾಕಿ ನೋಡ್ರಿ. ಬಿಳಿದು ಕರಗಿದ್ರ ಅದು ಹಣ್ಣಿನದೇ ಸಕ್ಕರಿ, ಬಹಳ ದಿನ ಇಟ್ಟಾಗ ಹೊರಗ ಬಂದು ಹರಳಾಗ್ತದ. ಹತ್ತಿಯಂಗ ಎಳೆ ಕಂಡು ಮುಗ್ಗು ವಾಸನಿ ಬಂದ್ರ ಬೂಜು, ಚೆಲ್ರಿ." ಫೋನ್ ನಂಬರ್ ಹಾಕಲಿಲ್ಲ, ರೇಟ್ ಹೇಳಲಿಲ್ಲ. ಕರಗಿತು ಅಂತ ಅವರೇ ಬರೆದ್ರು. ಇನ್ನೊಬ್ಬರು ಹಳದಿ ಯಾಕ, ಕಂದು ಯಾಕ ಅಂತ ಕೇಳಿದ್ರು; ಗಂಧಕದ ಹೊಗೆ ಕೊಟ್ಟದ್ದಕ್ಕೂ ಕೊಡದ್ದಕ್ಕೂ ಇರೋ ಫರಕ್ ಹೇಳಿದೆ. ಮೂರು ದಿನದಾಗ ಆರು ಮಂದಿ ನನ್ನ ಪೇಜ್ ಹುಡುಕಿ ಮೆಸೇಜ್ ಮಾಡಿದ್ರು. ಇಬ್ಬರು ಕೂಡಿ ಐದು ಕಿಲೋ ತರಿಸ್ಕೊಂಡ್ರು. ಒಬ್ಬರು ಈಗಲೂ ಎರಡು ತಿಂಗಳಿಗೊಮ್ಮೆ ತರಿಸ್ತಾರ.

ಒಂದೇ ವಾಕ್ಯ ಹತ್ತು ಕಡೆ ಅಂಟಿಸಬ್ಯಾಡ್ರಿ. ಅದನ್ನ ಸ್ಪ್ಯಾಮ್ ಅಂತ ತಿಳಿದು ಕಾಮೆಂಟ್ ಮಾಡೋದನ್ನೇ ಕೆಲವು ದಿನ ತಡೀತಾರ. ಮಂದಿ ಪೋಸ್ಟಿನಾಗ ನಂಬರ್ ಹಾಕಿದ್ರ ಅಡ್ಮಿನ್ ತೆಗದು ಹಾಕ್ತಾರ. ಯಾವುದು ಕೆಲಸ ಮಾಡ್ತದ ಅಂತ ತಿಳಿಯಾಕ ನಾನು ನೋಟ್‌ಬುಕ್ ಇಟ್ಟೀನಿ: ಯಾವ ಕಾಮೆಂಟು, ಎಷ್ಟು ಮೆಸೇಜು, ಎಷ್ಟು ಕಿಲೋ. "ಸೂಪರ್", "ಚೆನ್ನಾಗಿದೆ" ಅಂತ ಬರೆದದ್ದರ ಮುಂದ ಎಲ್ಲಾ ಸೊನ್ನಿ.

ಇದರಿಂದ ವರ್ಷಕ್ಕ ಎರಡು ಕ್ವಿಂಟಲ್ ಹೋಗ್ತದ, ಅಷ್ಟೇ. ಉಳಿದ ಮಾಲು ವಿಜಯಪುರ ಮಾರ್ಕೆಟ್ಟಿಗೋ ತಾಸಗಾಂವಕ್ಕೋ ಹೋಗಲೇಬೇಕು. ಪಾರ್ಸಲ್ ಕಟ್ಟಿ ವಿಜಯಪುರಕ್ಕ ಒಯ್ಯೋನು ನಾನೊಬ್ಬನೇ, ಮಂಗಳವಾರ ಮತ್ತ ಶುಕ್ರವಾರ ಮಾತ್ರ. ಮಾರ್ಚ್‌ನ್ಯಾಗ ಹಣ್ಣು ಅದ್ದಿ ಶೆಡ್ಡಿಗೆ ಹಾಕೋ ಗದ್ದಲ ಇದ್ದಾಗ ಬೇರೆಯವರ ಪೋಸ್ಟ್ ಬಿಡ್ತೀನಿ, ನನ್ನ ಪೇಜಿನ ಉತ್ತರ ಬಿಡಂಗಿಲ್ಲ.