ಎಲ್‌ಎಲ್‌ಆರ್ ಪರೀಕ್ಷೆಯ ದಿನ ಜ್ವರ ಬಂದರೆ ಆರ್‌ಟಿಒಗೆ ಏನಂತ ಬರೆಯೋದು?

ನಮ್ಮೂರಿನ ಹುಡುಗಿಯೊಬ್ಬಳಿಗೆ ಪಕ್ಕದೂರಿನ ಹಾಲಿನ ಡೇರಿಯಲ್ಲಿ ಕೆಲಸ ಸಿಕ್ಕಿತ್ತು. ಆಗಸ್ಟ್ 1ಕ್ಕೆ ಸೇರಬೇಕು. ಬೆಳಗಿನ ಜಾವ ಬಸ್ಸಿಲ್ಲ, ಸ್ಕೂಟಿಯಲ್ಲೇ ಹೋಗಬೇಕು, ಅದಕ್ಕೆ ಲೈಸೆನ್ಸ್ ಬೇಕು. ಎಲ್‌ಎಲ್‌ಆರ್ ಪರೀಕ್ಷೆ ಜೂನ್ 13, ಗುರುವಾರ ಬೆಳಗ್ಗೆ 11ಕ್ಕೆ ಅಂತ ಬುಕ್ ಆಗಿತ್ತು. ಮಂಗಳವಾರ ಟೈಫಾಯ್ಡ್ ಅಂತ ಗೊತ್ತಾಯಿತು. ಡಾಕ್ಟರು ಒಂದು ವಾರ ವಿಶ್ರಾಂತಿ ಬರೆದುಕೊಟ್ಟರು.

"ಹೋಗದೆ ಇದ್ರೆ ಆಯ್ತಲ್ಲ, ಆಮೇಲೆ ನೋಡ್ಕೊಳ್ಳೋಣ" ಅಂದರು ಮನೆಯವರು. ನಾವು ಬೇಡ ಅಂದೆವು. ಎಲ್‌ಎಲ್‌ಆರ್ ಸಿಕ್ಕ ಮೇಲೆ 30 ದಿನ ಕಳೆಯದೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗೋಕಾಗಲ್ಲ. ಜೂನ್ 20ಕ್ಕೆ ಎಲ್‌ಎಲ್‌ಆರ್ ಆದರೆ ಜುಲೈ 20ರ ನಂತರ ಆ ಪರೀಕ್ಷೆ, ಕೆಲಸಕ್ಕೆ ಸೇರುವ ಮುಂಚೆ ಹತ್ತು ದಿನ ಕೈಲಿರುತ್ತೆ. ಜುಲೈ 4ಕ್ಕೆ ಹೋದರೆ ಆಗಸ್ಟ್ 1 ದಾಟುತ್ತೆ. ಹಾಗಾಗಿ ಬುಧವಾರವೇ ಮೇಲ್ ಹೋಗಬೇಕಿತ್ತು.

ಅವಳು ಮೊದಲು ಬರೆದದ್ದು ಹೀಗಿತ್ತು: "ಸರ್, ನನಗೆ ತುಂಬಾ ಜ್ವರ, ತಲೆಸುತ್ತು, ಬರೋಕೆ ಆಗಲ್ಲ, ದಯವಿಟ್ಟು ಬೇರೆ ದಿನ ಕೊಡಿ." ಇದನ್ನು ಓದುವ ಗುಮಾಸ್ತರಿಗೆ ಯಾರು, ಯಾವ ಅರ್ಜಿ, ಯಾವ ದಿನ ಅಂತ ಒಂದೂ ಗೊತ್ತಾಗಲ್ಲ. ಅವರು ಕಂಪ್ಯೂಟರಿನಲ್ಲಿ ಹುಡುಕುವುದು ಹೆಸರು ಹಾಕಿ ಅಲ್ಲ, ಅರ್ಜಿ ನಂಬರ್ ಹಾಕಿ. ಅರ್ಜಿ ಹಾಕಿದಾಗ ಮೊಬೈಲಿಗೆ ಬಂದ ಮೆಸೇಜಿನಲ್ಲಿ ಆ ನಂಬರ್ ಇರುತ್ತೆ.

ತಲೆಸುತ್ತು ಅನ್ನೋ ಪದದ ಬಗ್ಗೆಯೂ ಅವಳ ಜೊತೆ ಮಾತಾಡಿದೆವು. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಫಾರಂ 1ರಲ್ಲಿ ಮೂರ್ಛೆ ರೋಗ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇದೆಯಾ ಅಂತ ಕೇಳುತ್ತಾರೆ. ಅವಳು ಇಲ್ಲ ಅಂತ ಬರೆದಿದ್ದಳು, ಅದು ನಿಜವೇ. ಜ್ವರದ ಸುಸ್ತನ್ನು ತಲೆಸುತ್ತು ಅಂತ ಬರೆದರೆ ಅರ್ಜಿಗೂ ಮೇಲ್‌ಗೂ ತಾಳೆಯಾಗಲ್ಲ. ಡಾಕ್ಟರು ಚೀಟಿಯಲ್ಲಿ ಬರೆದ ಕಾಯಿಲೆಯ ಹೆಸರು ಸಾಕು. ಆದರೆ ಯಾರಿಗಾದರೂ ನಿಜವಾಗಿ ಮೂರ್ಛೆ ಬರುತ್ತಿದ್ದರೆ ಮುಚ್ಚಿಡಬಾರದು. ಅದು ರಸ್ತೆಯ ಮೇಲಿನ ಜೀವದ ಪ್ರಶ್ನೆ.

ಕೊನೆಗೆ ಹೋದ ಮೇಲ್ ಇದು. ಕನ್ನಡದಲ್ಲೇ ಬರೆದೆವು.

ವಿಷಯ: ಎಲ್‌ಎಲ್‌ಆರ್ ಪರೀಕ್ಷೆ, ಜೂನ್ 13, ಬೆಳಗ್ಗೆ 11 – ಅನಾರೋಗ್ಯದ ಕಾರಣ ದಿನಾಂಕ ಬದಲಾವಣೆ ಕೋರಿ, ಅರ್ಜಿ ನಂಬರ್ (ಇಲ್ಲಿ ನಂಬರ್)

ಮಾನ್ಯರೇ,
ಮೇಲಿನ ಅರ್ಜಿಯಂತೆ ಗೇರ್ ಇಲ್ಲದ ದ್ವಿಚಕ್ರ ವಾಹನದ ಎಲ್‌ಎಲ್‌ಆರ್ ಪರೀಕ್ಷೆಗೆ ನಾನು ಹಾಜರಾಗಬೇಕಿತ್ತು. ನನಗೆ ಟೈಫಾಯ್ಡ್ ಆಗಿದ್ದು, ವೈದ್ಯರು ಜೂನ್ 17ರವರೆಗೆ ವಿಶ್ರಾಂತಿ ಹೇಳಿದ್ದಾರೆ. ವೈದ್ಯರ ಚೀಟಿ ಲಗತ್ತಿಸಿದ್ದೇನೆ. ಜೂನ್ 18ರ ನಂತರ ಯಾವುದೇ ದಿನ ಅವಕಾಶ ಕೊಡಬೇಕೆಂದು ಕೋರುತ್ತೇನೆ.
ಹೆಸರು, ಹುಟ್ಟಿದ ದಿನಾಂಕ, ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರ್

ಹೆಸರು ಅರ್ಜಿಯಲ್ಲಿ ಇರುವ ಹಾಗೇ ಇರಬೇಕು, ಇನಿಷಿಯಲ್ ಸಮೇತ. ಚೀಟಿಯ ಫೋಟೋವನ್ನು ಬೆಳಕಿನಲ್ಲಿ ತೆಗೆದು, ತಾರೀಕು, ಡಾಕ್ಟರ ಸಹಿ, ಸೀಲು ಕಾಣುತ್ತಾ ಅಂತ ನೋಡಿ ಕಳಿಸಬೇಕು. ಸೈಬರ್ ಸೆಂಟರಿನವರ ಮೇಲ್‌ನಿಂದ ಕಳಿಸಿದರೆ ಉತ್ತರ ಅವರಿಗೇ ಹೋಗುತ್ತೆ. ಅವಳು ತನ್ನ ಫೋನಿನಿಂದಲೇ ಕಳಿಸಿದಳು.

ಮೇಲ್ ಕಳಿಸಿದ ಮಾತ್ರಕ್ಕೆ ಸ್ಲಾಟ್ ಬದಲಾಗಲ್ಲ. ಮೇಲ್ ಒಂದು ದಾಖಲೆ, ಅಷ್ಟೇ. ಸ್ಲಾಟ್ ಇರುವುದು sarathi.parivahan.gov.in ನಲ್ಲಿ. ಅಲ್ಲಿ ರಾಜ್ಯ ಆರಿಸಿ, Appointments ವಿಭಾಗದಲ್ಲಿ ಹಳೆಯ ಸ್ಲಾಟ್ ರದ್ದು ಮಾಡಿ ಹೊಸದು ಹಿಡಿಯಬೇಕು. ಅವಳ ಫೋನಿನಲ್ಲಿ ಆ ಪುಟ ಓಟಿಪಿ ಹತ್ತಿರವೇ ನಿಂತುಬಿಟ್ಟಿತು. ಮೇಲ್‌ಗೆ ಉತ್ತರವೂ ಬರಲಿಲ್ಲ. ಬುಧವಾರ ಮಧ್ಯಾಹ್ನ ಅವಳ ಅಣ್ಣ ಮೇಲ್‌ನ ಪ್ರಿಂಟ್, ಡಾಕ್ಟರ ಚೀಟಿ ಹಿಡಿದು ಆಫೀಸಿಗೆ ಹೋದ. ಕೌಂಟರಿನವರು ಅರ್ಜಿ ನಂಬರ್ ನೋಡಿದರು, ಅವಳ ಮೊಬೈಲಿಗೆ ಬಂದ ಓಟಿಪಿಯನ್ನು ಫೋನಿನಲ್ಲಿ ಕೇಳಿಸಿಕೊಂಡರು, ಜೂನ್ 20ಕ್ಕೆ ಹಾಕಿಕೊಟ್ಟರು. ಹೊಸ ಅರ್ಜಿ ಬೇಕಾಗಲಿಲ್ಲ.

20ನೇ ತಾರೀಕು ಅವಳು ಸ್ವಲ್ಪ ಸೊರಗಿದ ಮುಖದಲ್ಲೇ ಹೋಗಿ ಪಾಸಾದಳು. ಶೇಕಡಾ 60ರಷ್ಟು ಉತ್ತರ ಸರಿ ಇದ್ದರೆ ಸಾಕು ಅನ್ನುತ್ತೆ ನಿಯಮ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತೆ, ಆದರೆ ಅವಳು ಎಣಿಸುತ್ತಿದ್ದದ್ದು 30 ದಿನ ಮಾತ್ರ.