‘ಸಾಕು’ ಎನ್ನುವ ಗಳಿಗೆ

“ಅವರಿಗೆ ನನ್ನ ಮೇಲೆ ಮನಸ್ಸಿಲ್ಲ ಕಣೇ, ನಿಮಿಷದೊಳಗೆ ಮುಗಿದುಹೋಗುತ್ತೆ” ಎಂದು ಗೆಳತಿ ಅತ್ತಾಗ ದಂಪತಿಯನ್ನು ವೈದ್ಯರ ಬಳಿ ಕಳಿಸಿದೆ. ಮದುವೆಯಾದಾಗಿನಿಂದ ಹೀಗೆಯೇ ಇದ್ದರೆ ಅದು ದೇಹದ ಸ್ವಭಾವವೂ ಇರಬಹುದು, ನಡುವೆ ಶುರುವಾಗಿದ್ದರೆ ಥೈರಾಯ್ಡ್ ನೋಡಿಸಬೇಕು ಎಂದರಂತೆ.

ಅವರು ಕಲಿಸಿದ್ದು 1956ರಲ್ಲಿ ಸೀಮನ್ಸ್ ಎಂಬ ವೈದ್ಯ ಬರೆದ ಉಪಾಯ. ಹೆಂಡತಿ ಕೈಯಿಂದ ಉದ್ರೇಕಿಸಬೇಕು. ತಡೆಯಲಾಗದ ಗಳಿಗೆಗೆ ಮುಂಚೆಯೇ ಗಂಡ “ಸಾಕು” ಎನ್ನಬೇಕು. ಉದ್ರೇಕ ಇಳಿದ ಮೇಲೆ ಮತ್ತೆ ಶುರು. ಹೀಗೆ ಮೂರು ಸಲ ತಡೆದು, ನಾಲ್ಕನೆಯ ಸಲ ಬಿಡುವುದು. ನಿಲ್ಲಿಸಿದಾಗ ತುದಿಯ ಕೆಳಗೆ ಕೆಲವು ಸೆಕೆಂಡು ಬೆರಳಿನಿಂದ ಒತ್ತಿ ಹಿಡಿಯುವುದೂ ಉಂಟು.

ಮೊದಮೊದಲು ಅವನ “ಸಾಕು” ತಡವಾಗುತ್ತಿತ್ತಂತೆ. ಗಂಡಸರಿಗೆ ಆ ಮಾತು ಸುಲಭವಲ್ಲ! ಅಭ್ಯಾಸ ಬಿಟ್ಟರೆ ಲಾಭವೂ ಕರಗುತ್ತದೆ. ಅಷ್ಟಕ್ಕೂ ಆಗದಿದ್ದರೆ ಒಂದರಿಂದ ಮೂರು ಗಂಟೆ ಮೊದಲು ನುಂಗುವ ಡಪೋಕ್ಸೆಟಿನ್ ಮಾತ್ರೆಯಿದೆ. ಹೃದ್ರೋಗವಿರುವವರಿಗೆ ಅದು ಕೂಡದು.