ಏಳು ಮನೆ ತಿರುಗುವುದರೊಳಗೆ

ಬೆಕ್ಕು ಮರಿ ಹಾಕಿದರೆ ಏಳು ಮನೆ ತಿರುಗಿಸುತ್ತದೆ ಅಂತಾರೆ ನಮ್ಮೂರ ಕಡೆ. ಏಳೋ ಮೂರೋ, ಜಾಗ ಬದಲಿಸೋದಂತೂ ನಿಜ. ಅಟ್ಟದ ಮೂಲೆಯಲ್ಲಿ ಮರಿ ಹಾಕಿರುತ್ತಿತ್ತು, ನಾವು ಹುಡುಗರು ಒಂದೆರಡು ಸಲ ಇಣುಕಿದೆವೋ, ಕತ್ತು ಕಚ್ಚಿಕೊಂಡು ಕೊಟ್ಟಿಗೆಯ ಹುಲ್ಲಿನ ರಾಶಿಗೆ ಸಾಗಿಸಿಬಿಡುತ್ತಿತ್ತು. 'ಮುಟ್ಟಬೇಡ್ರೋ, ತಾಯಿ ಬಿಟ್ಟು ಹೋಗ್ತದೆ' ಅನ್ನೋದು ಅಜ್ಜಿಯ ಕಾನೂನು. ಎರಡು ತಿಂಗಳಾದ ಮೇಲೆ ಮರಿಗಳೇ ಅಂಗಳಕ್ಕೆ ಇಳಿದು ಬರುತ್ತಿದ್ದವು. ಹತ್ತಿರ ಹೋದರೆ 'ಹಸ್ಸ್' ಅಂತ ಬೆನ್ನು ಬಿಲ್ಲು ಮಾಡಿ ನಿಲ್ಲುತ್ತಿದ್ದವು. ಜೀವನಪೂರ್ತಿ ನಮ್ಮನೆ ಹಾಲು ಕುಡಿದು, ನಮ್ಮನೆ ಇಲಿ ಹಿಡಿದು, ಒಂದು ದಿನವೂ ಕೈಗೆ ಸಿಗದೆ ಬದುಕಿದ ಬೆಕ್ಕುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಊರಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಅದೇ ಬೆಕ್ಕನ್ನು ಬೆಂಗಳೂರಿನ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಊಹಿಸಿಕೊಳ್ಳಿ. ಡಾಕ್ಟರ ಹತ್ತಿರ ಒಯ್ಯಲು ಬುಟ್ಟಿಗೆ ಹಾಕೋಕಾಗಲ್ಲ, ನೆಂಟರು ಬಂದರೆ ಮೂರು ದಿನ ಮಂಚದ ಕೆಳಗಿಂದ ಹೊರಗೆ ಬರಲ್ಲ, ಹಿಡಿದರೆ ಪರಚುತ್ತದೆ. ಸಾಕಿಕೊಂಡವರು ಸ್ವಲ್ಪ ದಿನ ನೋಡಿ, 'ಈ ಬೆಕ್ಕಿನ ಬುದ್ಧಿಯೇ ಇಷ್ಟು' ಅಂತ ಬೀದಿಗೆ ಬಿಡುತ್ತಾರೆ. ಎಷ್ಟೋ ಸಲ ಅದು ಬುದ್ಧಿಯ ವಿಷಯವೇ ಅಲ್ಲ, ವಯಸ್ಸಿನ ಲೆಕ್ಕ.

ಲೆಕ್ಕ ಹೀಗಿದೆ. ಹುಟ್ಟಿದ ಎರಡನೇ ವಾರದಿಂದ ಸುಮಾರು ಏಳನೇ ವಾರದವರೆಗೆ ಮರಿಯ ಮಿದುಳು 'ಈ ಲೋಕದಲ್ಲಿ ಮಾಮೂಲಿ ಅಂದರೆ ಯಾವುದು' ಅಂತ ಬರೆದುಕೊಳ್ಳುತ್ತಿರುತ್ತದೆ. ಆ ಅವಧಿಯಲ್ಲಿ ಮನುಷ್ಯನ ಕೈ, ವಾಸನೆ, ದನಿ ಇದ್ದರೆ ಮನುಷ್ಯ ಮಾಮೂಲಿ. ಇಲ್ಲದಿದ್ದರೆ ಆಮೇಲೆ ಬಂದ ಮನುಷ್ಯ ಒಂದು ದೊಡ್ಡ ಪ್ರಾಣಿ, ಅಷ್ಟೇ. ಏಳನೇ ವಾರದ ಹೊತ್ತಿಗೆ ಹೊಸದನ್ನು ಕಂಡರೆ ಹೆದರುವ ಸ್ವಭಾವ ಬಲಿತಿರುತ್ತದೆ. ಬಾಗಿಲು ದಢಾರನೆ ಮುಚ್ಚಲ್ಲ, ನಿಧಾನಕ್ಕೆ ಮುಚ್ಚಿಕೊಳ್ಳುತ್ತಾ ಹೋಗುತ್ತದೆ.

1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕೆಲವು ಮರಿಗಳನ್ನು ಮೂರನೇ ವಾರದಿಂದ ದಿನಕ್ಕೆ 15 ನಿಮಿಷ ಎತ್ತಿ ಆಡಿಸಿದರು, ಕೆಲವನ್ನು ಏಳನೇ ವಾರದಿಂದ, ಇನ್ನು ಕೆಲವನ್ನು ಹದಿನಾಲ್ಕನೇ ವಾರದವರೆಗೆ ಮುಟ್ಟಲೇ ಇಲ್ಲ. ಮೂರನೇ ವಾರದಿಂದ ಮುಟ್ಟಿಸಿಕೊಂಡವು ಮನುಷ್ಯನ ಹತ್ತಿರ ಬೇಗ ಬಂದವು, ತೊಡೆಯ ಮೇಲೆ ಹೆಚ್ಚು ಹೊತ್ತು ಕೂತವು. ನನಗೆ ಬೆರಗಾಗಿದ್ದು ಏಳನೇ ವಾರದ ಗುಂಪು: ಏಳು ವಾರ ಪೂರ್ತಿ ಆಡಿಸಿದರೂ ಅವು ಒಮ್ಮೆಯೂ ಮುಟ್ಟದ ಮರಿಗಳಿಗೇ ಹತ್ತಿರ ಇದ್ದವು. 15 ನಿಮಿಷಕ್ಕಿಂತ 40 ನಿಮಿಷ ಆಡಿಸಿದಾಗ ಫಲ ಹೆಚ್ಚು ಅನ್ನೋದೂ ಅವರ ಕೆಲಸದಿಂದಲೇ ಗೊತ್ತಾಯಿತು.

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಬೀದಿಯ ಬೂದು ಬೆಕ್ಕೊಂದು ನಮ್ಮ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನ್ ಹಿಂದೆ, ಮೂರು ಮರಿ ಹಾಕಿತು. ದಿನಾ ಅನ್ನ-ಮೀನು ಹಾಕುತ್ತಿದ್ದ ನನ್ನನ್ನು ಅದು ಸಹಿಸಿಕೊಳ್ಳುತ್ತಿತ್ತು. ಎರಡು ವಾರಕ್ಕೆ ಮರಿಗಳ ಕಣ್ಣು ಬಿಟ್ಟಿದ್ದವು, ಕಿವಿ ಇನ್ನೂ ಮಡಚಿಕೊಂಡೇ ಇತ್ತು. ಅಷ್ಟರಲ್ಲಿ 'ಏಳು ಮನೆ' ಶುರುವಾಯಿತು. ಒಂದು ರಾತ್ರಿ ಕಪ್ಪು ಮರಿಯನ್ನು ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕ್ ಕೆಳಗೆ ಸಾಗಿಸಿತು. ಅಷ್ಟೊತ್ತಿಗೆ ಜೋರು ಮಳೆ. ಏನನ್ನಿಸಿತೋ, ಉಳಿದೆರಡನ್ನು ಇಲ್ಲೇ ಬಿಟ್ಟು, ಎರಡೂ ಕಡೆ ಓಡಾಡಿಕೊಂಡು ಹಾಲು ಕೊಡತೊಡಗಿತು. ಆ ಟೆರೇಸಿಗೆ ಬೀಗ, ಟ್ಯಾಂಕ್ ಕೆಳಗೆ ಕೈಯೂ ಹೋಗಲ್ಲ. ಹೀಗೆ ಒಂದೇ ಹೊಟ್ಟೆಯ ಮರಿಗಳು ಎರಡು ಬೇರೆ ಲೋಕದಲ್ಲಿ ಬೆಳೆದವು.

ಇಲ್ಲಿದ್ದ ಚುಕ್ಕಿ ಮತ್ತು ಗುಂಡನನ್ನು ಹದಿನೆಂಟನೇ ದಿನದಿಂದ ಎತ್ತತೊಡಗಿದೆ. ತಾಯಿ ಬಟ್ಟಲಿಗೆ ಬಾಯಿ ಹಾಕಿದಾಗ ಮಾತ್ರ, ಅದರ ಕಣ್ಣೆದುರೇ. ಕೈ ತೊಳೆದು ಒರೆಸಿ, ಉಜ್ಜಿ ಬೆಚ್ಚಗೆ ಮಾಡಿಕೊಂಡು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ. ಮೊದಲ ದಿನ ಅಂಗೈಯಗಲದ ಚುಕ್ಕಿ ನನ್ನ ಮೇಲೆ ಹಸ್ಸ್ ಅಂದಳು. ಆ ವಯಸ್ಸಲ್ಲಿ ಅದು ಸಿಟ್ಟಲ್ಲ, ಗೊತ್ತಿಲ್ಲದ ವಾಸನೆಗೆ ಕೊಡೋ ಉತ್ತರ. ಮೂರನೇ ದಿನಕ್ಕೆ ನಿಂತಿತು. ಐದೈದು ನಿಮಿಷದಂತೆ ದಿನಕ್ಕೆ ಆರೇಳು ಸಲ. ವರ್ಕ್ ಫ್ರಮ್ ಹೋಮ್ ಇದ್ದಿದ್ದಕ್ಕೆ ಸಾಧ್ಯವಾಯಿತು. ನೋಡುತ್ತಾ ನೋಡುತ್ತಾ ಪಾದ ಒತ್ತೋದು, ಕಿವಿ ಮುಟ್ಟೋದು, ತುಟಿ ಸ್ವಲ್ಪ ಎತ್ತೋದು. ಮುಂದೆ ಉಗುರು ಕತ್ತರಿಸುವಾಗ, ಮಾತ್ರೆ ಹಾಕುವಾಗ ಇವೇ ಬೇಕಾಗೋದು. ತಾಯಿ ಬಿಟ್ಟುಹೋಗಲಿಲ್ಲ. ಮರಳಿ ಕೊಟ್ಟ ಮರಿಯನ್ನು ಒಂದು ಸಲ ಮೂಸಿ ನೆಕ್ಕಿ ಸುಮ್ಮನಾಗುತ್ತಿತ್ತು.

ಇಲ್ಲಿ ಜನ ಎಡವೋ ಜಾಗ ಒಂದಿದೆ. ಮರಿ ಕೈಯಲ್ಲಿ ಅಲ್ಲಾಡದೆ ಕೂತರೆ 'ನೋಡು, ಎಷ್ಟು ಸಾಧು' ಅಂತಾರೆ. ಮೈ ಬಿಗಿಯಾಗಿದೆಯಾ, ಕಿವಿ ಪಕ್ಕಕ್ಕೆ ಒರಗಿದೆಯಾ, ಕಣ್ಣ ಪಾಪೆ ಅಗಲವಾಗಿದೆಯಾ ನೋಡಿ. ಹಾಗಿದ್ದರೆ ಅದು ಸಾಧುವಲ್ಲ, ಹೆದರಿ ಹೆಪ್ಪುಗಟ್ಟಿದೆ. ಆಗ ಮುಂದುವರಿಸಿದರೆ ಕಲಿಯೋದು ಭಯವನ್ನೇ. ಒಪ್ಪಿಕೊಂಡ ಮರಿ ಮೈ ಸಡಿಲ ಬಿಡುತ್ತದೆ, ಗುರುಗುರು ಅನ್ನುತ್ತದೆ, ಮುಂಗಾಲಿನಿಂದ ನಾದುತ್ತದೆ, ಇಲ್ಲಾ ನಿದ್ದೆ ಹೋಗುತ್ತದೆ. ಒದ್ದಾಟ ಶುರುವಾಗುವ ಮೊದಲೇ ಕೆಳಗಿಡಬೇಕು.

ಇನ್ನೊಂದು ವಿಷಯ, ಬರೀ ನನ್ನ ಕೈ ಸಾಲದು. ಒಬ್ಬರೇ ಆಡಿಸಿದ ಮರಿ ಆ ಒಬ್ಬರಿಗೇ ಅಂಟಿಕೊಳ್ಳುತ್ತದೆ. ಹಲವರ ಕೈಯಲ್ಲಿ ಬೆಳೆದದ್ದು ಅಪರಿಚಿತರಿಗೂ ಅಷ್ಟಾಗಿ ಹೆದರಲ್ಲ. ಹಾಗಾಗಿ ನಾಲ್ಕನೇ ವಾರದಿಂದ ಕೆಳಮನೆ ಆಂಟಿ, ಅವರ ಎಂಟು ವರ್ಷದ ಮಗಳು, ಗಡ್ಡದ ಫ್ಲ್ಯಾಟ್‌ಮೇಟ್, ಎಲ್ಲರಿಗೂ ಡ್ಯೂಟಿ ಹಾಕಿದೆ. ಎಲ್ಲರಿಗೂ ಮೊದಲು ಸೋಪು. ಲಸಿಕೆ ಆಗದ ಮರಿಗೆ ಬೇರೆ ಬೆಕ್ಕಿನ ರೋಗ ನಮ್ಮ ಕೈಯಿಂದಲೇ ಬರಬಹುದು. ಮಿಕ್ಸಿ ಮೊದಲು ಬಾಗಿಲು ಹಾಕಿ ಒಳಗಿಂದ, ಆಮೇಲೆ ಬಾಗಿಲು ತೆರೆದು. ಬೆಕ್ಕು ಒಯ್ಯೋ ಬುಟ್ಟಿಯಲ್ಲಿ ಹಳೇ ಪಂಚೆ ಹಾಸಿ ಸುಮ್ಮನೆ ಇಟ್ಟೆ, ಅದರಲ್ಲೇ ಮಲಗಿದವು.

ಆಫೀಸಿನ ಗೆಳೆಯನೊಬ್ಬ ಐದನೇ ವಾರಕ್ಕೇ 'ಗುಂಡನನ್ನು ಕೊಡೋ ಮಾರಾಯ, ಕ್ಯೂಟಾಗಿದಾನೆ' ಅಂತ ದುಂಬಾಲು ಬಿದ್ದ. ಕೊಡಲಿಲ್ಲ. ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಅಂತ ಕಲಿಸೋದು ತಾಯಿ ಮತ್ತು ಒಡಹುಟ್ಟು, ನಾವಲ್ಲ. ಹತ್ತು ವಾರ ತುಂಬಿ, ಮೊದಲ ಲಸಿಕೆ ಆದಮೇಲೆ ಒಯ್ದ. ಮನೆಗೆ ಹೋದ ದಿನವೇ ಅವನ ಅಪ್ಪನ ತೊಡೆ ಮೇಲೆ ಹತ್ತಿ ಮಲಗಿದ್ದನಂತೆ.

ಟ್ಯಾಂಕ್ ಕೆಳಗಿನ ಕರಿಯ ನಮ್ಮ ಕೈಗೆ ಸಿಕ್ಕಿದ್ದೂ ಅದೇ ಹತ್ತನೇ ವಾರದಲ್ಲಿ, ಬೋನಿಟ್ಟು ಹಿಡಿದಾಗ. ಅವನಿಗೆ ಬೇರೆ ದಾರಿ ಬೇಕಾಯಿತು. ಚಿಕ್ಕ ಕೋಣೆ, ಬಚ್ಚಿಟ್ಟುಕೊಳ್ಳಲು ರಟ್ಟಿನ ಡಬ್ಬ, ದಿನಾ ನಾನು ನೆಲದ ಮೇಲೆ ಕೂತು ಲ್ಯಾಪ್‌ಟಾಪಲ್ಲಿ ಕೆಲಸ ಮಾಡೋದು, ಚಮಚದ ತುದಿಯಲ್ಲಿ ಬೇಯಿಸಿದ ಕೋಳಿ. ಚುಕ್ಕಿಗೆ ಮೂರು ದಿನ ಸಾಕಾದ ಕೆಲಸಕ್ಕೆ ಇವನಿಗೆ ಏಳು ವಾರ ಹಿಡಿಯಿತು.

ಎಲ್ಲವೂ ಕೈಯ ಮಹಿಮೆ ಅಂತಲೂ ಹೇಳಲಾರೆ. 1995ರಲ್ಲಿ ಸಾಂಡ್ರಾ ಮೆಕ್ಯೂನ್ ಪ್ರಕಟಿಸಿದ ಅಧ್ಯಯನದಲ್ಲಿ, ಸ್ನೇಹ ಸ್ವಭಾವದ ಗಂಡುಬೆಕ್ಕಿನ ಮರಿಗಳು ಹೊಸ ವಸ್ತುಗಳ ಹತ್ತಿರವೂ ಧೈರ್ಯವಾಗಿ ಹೋಗುತ್ತಿದ್ದವು. ಮರಿ ಸಾಕೋದರಲ್ಲಿ ಅಪ್ಪನ ಪಾಲು ಏನೂ ಇಲ್ಲದಿದ್ದರೂ ಅವನ ಗುಣ ಇಳಿದು ಬರುತ್ತದೆ. ಬೀದಿ ಬೆಕ್ಕಿನ ಒಂದೇ ಸೂಲಿಗೆ ಇಬ್ಬರು ಅಪ್ಪಂದಿರೂ ಇರಬಹುದು. ಹಾಗಾಗಿ ಕರಿಯನ ಭಯದಲ್ಲಿ ಟ್ಯಾಂಕಿನ ಪಾಲೆಷ್ಟು, ಅಪ್ಪನ ಪಾಲೆಷ್ಟು ಅಂತ ಬೇರ್ಪಡಿಸಿ ಹೇಳೋಕಾಗಲ್ಲ.

ಕರಿಯ, ಚುಕ್ಕಿ ಇಬ್ಬರೂ ಈಗ ನನ್ನಲ್ಲೇ ಇದ್ದಾರೆ. ರಾತ್ರಿ ಕರಿಯ ನನ್ನ ಕಾಲ ಬಳಿಯೇ ಮಲಗುತ್ತಾನೆ, ಗಲ್ಲ ತುರಿಸಿದರೆ ಗುರುಗುಡುತ್ತಾನೆ. ಆದರೆ ಆ ನಂಬಿಕೆ ನನಗೊಬ್ಬನಿಗೆ. ಸಿಲಿಂಡರ್ ತರುವವನು ಬೆಲ್ ಒತ್ತಿದರೆ ಚುಕ್ಕಿ ಬಾಗಿಲಿಗೆ ಓಡುತ್ತಾಳೆ, ಇವನು ಮಂಚದ ಕೆಳಗೆ. ಅವನು ಹೋಗಿ ಒಂದು ಗಂಟೆಯಾದ ಮೇಲೆ ಮೊದಲು ಮೂಗು, ಆಮೇಲೆ ಮೀಸೆ, ಆಮೇಲೆ ಅರ್ಧ ಮುಖ ಹೊರಗೆ ಬರುತ್ತದೆ.